ಡಿಡಿ ಕೈಯಲ್ಲೇ ಇತ್ತು, ದುಡ್ಡು ಮಾತ್ರ ಬರಲಿಲ್ಲ

ಶಿರಸಿ ಕಡೆಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ನೋಡೋದು ನನ್ನ ಕೆಲಸ. ಸಂಘಕ್ಕೋ, ದೇವಸ್ಥಾನದ ಸಮಿತಿಗೋ, ಶಾಲೆಗೋ ಟೆಂಡರ್ ಕರೆದು ಇಎಂಡಿ, ಅಂದರೆ ಟೆಂಡರ್ ಹಾಕುವವರು ಮೊದಲೇ ಇಡುವ ಠೇವಣಿ, ಅಂತ ಡಿಡಿ ತಗೊಳ್ಳುವವರು ನಿಮ್ಮಲ್ಲಿ ಇದ್ದರೆ ಇದನ್ನೊಮ್ಮೆ ಓದಿ. ತಪ್ಪು ನನ್ನದೇ. ಮುಚ್ಚಿಡೋದಕ್ಕೆ ಏನೂ ಇಲ್ಲ.

ನಮ್ಮ ಅಡಿಕೆ ಗೋಡೌನಿನ ಮಾಡು ಹಾಳಾಗಿತ್ತು. ಹೊಸ ಶೀಟು ಹಾಕಿಸಲು 24 ಲಕ್ಷದ ಅಂದಾಜು ಮಾಡಿ ಟೆಂಡರ್ ಕರೆದೆವು. ಇಎಂಡಿ ಶೇಕಡಾ 2, ಅಂದರೆ 48,000 ರೂಪಾಯಿ, ಸಂಘದ ಹೆಸರಿಗೆ ಡಿಡಿ. ಲಕೋಟೆ ಕೊಡಲು ಕೊನೆಯ ದಿನ ಮೇ 20. ಕೊಟ್ಟ ದರಕ್ಕೆ ಅಲ್ಲಿಂದ 90 ದಿನ ಬದ್ಧರಾಗಿರಬೇಕು ಅಂತ ನೋಟಿಸಿನಲ್ಲಿ ಬರೆದಿದ್ದೆವು. ಲೆಕ್ಕ ಹಾಕಿದರೆ ಆಗಸ್ಟ್ 18.

ಬಂದದ್ದು ನಾಲ್ಕು ಲಕೋಟೆ. ಅವತ್ತು ನನಗೆ ನನ್ನ ಮೇಲೇ ಬಹಳ ಮೆಚ್ಚುಗೆ. ಯಾಕೆಂದರೆ ಎರಡು ಡಿಡಿಗಳ ತಪ್ಪನ್ನು ನೋಡಿದ ಕೂಡಲೇ ಹಿಡಿದಿದ್ದೆ. ಒಬ್ಬರು 48,000 ನಗದು ಕೊಟ್ಟು, ಬ್ಯಾಂಕಿನ ಕಮಿಷನ್ನನ್ನೂ ಅದರಲ್ಲೇ ಮುರಿಸಿಕೊಂಡು, ಉಳಿದ ಮೊತ್ತಕ್ಕೆ ಡಿಡಿ ಮಾಡಿಸಿದ್ದರು. ಐವತ್ತು ನೂರು ರೂಪಾಯಿ ಕಡಿಮೆಯಾದರೂ ಕಡಿಮೆಯೇ, ಅಲ್ವಾ? ಇನ್ನೊಬ್ಬರದ್ದು ನಮ್ಮ ಕಾರ್ಯದರ್ಶಿಯ ಸ್ವಂತ ಹೆಸರಿನಲ್ಲಿತ್ತು. 20,000 ಮತ್ತು ಅದಕ್ಕಿಂತ ಜಾಸ್ತಿ ಮೊತ್ತದ ಡಿಡಿಗೆ ಬ್ಯಾಂಕಿನವರು ಅಕೌಂಟ್ ಪೇಯಿ ಗೆರೆ ಹಾಕಿಯೇ ಕೊಡುತ್ತಾರೆ. ಅದರ ಮೇಲೆ ಯಾರ ಹೆಸರಿದೆಯೋ ಅವರ ಖಾತೆಗೇ ಹೋಗಬೇಕು. ಅದು ಸಂಘದ ಖಾತೆಗೆ ಬರುವ ಡಿಡಿ ಅಲ್ಲ. ಎರಡನ್ನೂ ಬದಿಗಿಟ್ಟೆವು.

ಉಳಿದ ಎರಡರಲ್ಲಿ ಕಡಿಮೆ ದರ ಕುಮಟೆಯ ಗುತ್ತಿಗೆದಾರರದ್ದು. ಅವರ ಡಿಡಿಯಲ್ಲಿ ಅಂಕಿಯಲ್ಲೂ 48,000, ಅಕ್ಷರದಲ್ಲೂ ನಲವತ್ತೆಂಟು ಸಾವಿರ. ಸಂಘದ ಹೆಸರು ನಮ್ಮ ಪಾಸ್‌ಬುಕ್ಕಿನಲ್ಲಿ ಇರುವ ಹಾಗೇ ಇತ್ತು. ತಪಾಸಣೆ ಪಟ್ಟಿಯಲ್ಲಿ ‘ಇಎಂಡಿ ಸರಿ ಇದೆ’ ಅಂತ ಬರೆದು ಸಹಿ ಹಾಕಿದೆ. ಡಿಡಿ ತಿಜೋರಿಗೆ ಹೋಯಿತು.

ಆ ಕಾಗದದಲ್ಲಿ ನಾನು ನೋಡದೇ ಬಿಟ್ಟದ್ದು ಎರಡು. ಒಂದು, ಮೇಲೆ ಬಲಗಡೆ ಚೌಕಗಳಲ್ಲಿದ್ದ ತಾರೀಖು: ಮೇ 2. ಇನ್ನೊಂದು, ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ಒಂದು ಹೆಸರು. ಗುತ್ತಿಗೆದಾರರ ಹೆಸರಲ್ಲ, ಬೇರೆ ಯಾರದ್ದೋ.

ಆಮೇಲೆ ಮಳೆ ಶುರುವಾಯಿತು. ನಮ್ಮಲ್ಲಿ ಜೂನ್‌, ಜುಲೈನಲ್ಲಿ ಮಾಡು ಬಿಚ್ಚುವ ಧೈರ್ಯ ಯಾರಿಗೂ ಇಲ್ಲ. ಆಡಳಿತ ಮಂಡಳಿಯವರಿಗೂ ಅವಸರ ಇರಲಿಲ್ಲ. ತೋಟದ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಎರಡು ಸಭೆಗೆ ಕೋರಂ ಆಗಲಿಲ್ಲ. ಕೊನೆಗೆ ಆಗಸ್ಟ್ 12ಕ್ಕೆ ಕುಮಟೆಯವರಿಗೆ ಒಪ್ಪಿಗೆ ಪತ್ರ ಕಳಿಸಿದೆವು. ಅವರು ಫೋನ್ ಮಾಡಿ, ‘ಮಾರಾಯ್ರೇ, ಶೀಟಿನ ರೇಟು ಏರಿದೆ, ಆ ದರಕ್ಕೆ ನನ್ನಿಂದ ಆಗೋದಿಲ್ಲ’ ಅಂದರು. ಬರೆದೂ ಕೊಟ್ಟರು. ದರಕ್ಕೆ ಇನ್ನೂ ಆರು ದಿನ ಬಾಕಿ ಇತ್ತು. ಹೀಗೆ ನಡುವೆ ಕೈ ಎತ್ತಿದರೆ ಇಎಂಡಿ ಮುಟ್ಟುಗೋಲು ಅಂತ ನಿಯಮದಲ್ಲೇ ಇದೆ. ನಾನು ನಿಶ್ಚಿಂತೆಯಿಂದ ಡಿಡಿ ತೆಗೆದುಕೊಂಡು ಬ್ಯಾಂಕಿಗೆ ಹೋದೆ.

ಕೌಂಟರಿನಲ್ಲಿದ್ದ ಹುಡುಗಿ ತಾರೀಖಿನ ಚೌಕದ ಮೇಲೆ ಪೆನ್ನಿನ ತುದಿ ಇಟ್ಟು, ಏನೂ ಹೇಳದೆ ನನ್ನ ಕಡೆ ತಿರುಗಿಸಿದಳು.

ಡಿಡಿಯ ಮುದತ್ತು ಮೂರೇ ತಿಂಗಳು. 2012ರ ಏಪ್ರಿಲ್‌ನಿಂದ ಚೆಕ್ಕಿಗೂ ಅಷ್ಟೇ, ಡಿಡಿಗೂ ಅಷ್ಟೇ. ಮೊದಲು ಆರು ತಿಂಗಳಿತ್ತು. ನನ್ನ ತಲೆಯಲ್ಲಿ ಇನ್ನೂ ಆ ಹಳೇ ಲೆಕ್ಕವೇ ಕೂತಿತ್ತೋ ಏನೋ. ಮತ್ತೆ ಈ ಮೂರು ತಿಂಗಳು ಡಿಡಿ ಮಾಡಿಸಿದ ದಿನದಿಂದ ಶುರು, ನಾವು ಲಕೋಟೆ ಒಡೆದ ದಿನದಿಂದಲ್ಲ. ಮೇ 2ರ ಡಿಡಿ ಆಗಸ್ಟ್ ಶುರುವಿನಲ್ಲೇ ಸತ್ತಿತ್ತು. ದರದ ಬದ್ಧತೆ 18ರ ತನಕ, ಅದಕ್ಕೆ ಭದ್ರತೆಯಾಗಿ ಇಟ್ಟುಕೊಂಡ ಕಾಗದ ಎರಡು ವಾರ ಮೊದಲೇ ಖಾಲಿ.

ಅವಧಿ ಮುಗಿದ ಡಿಡಿಯನ್ನು ಬ್ಯಾಂಕು ಮತ್ತೆ ಊರ್ಜಿತ ಮಾಡಿಕೊಡುತ್ತದೆ. ಆದರೆ ಅದಕ್ಕೆ ಡಿಡಿ ಕೊಟ್ಟ ಶಾಖೆಯಲ್ಲಿ, ಡಿಡಿ ಮಾಡಿಸಿದವರ ಅರ್ಜಿ ಬೇಕು ಅಂದರು. ಆ ಶಾಖೆ ಕಾರವಾರದಲ್ಲಿ. ಮಾಡಿಸಿದವರು ಯಾರು ಅಂತ ನೋಡಿದಾಗಲೇ ಆ ಸಣ್ಣ ಅಕ್ಷರದ ಹೆಸರು ನನ್ನ ಕಣ್ಣಿಗೆ ಬಿದ್ದದ್ದು.

2018ರ ಸೆಪ್ಟೆಂಬರ್ 15ರಿಂದ ಡಿಡಿ ಮಾಡಿಸಿದವರ ಹೆಸರನ್ನು ಅದರ ಮುಖದ ಮೇಲೇ ಅಚ್ಚು ಹಾಕಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. 50,000ಕ್ಕಿಂತ ಕಡಿಮೆ ಆದರೆ ನಗದು ಕೊಟ್ಟೂ ಡಿಡಿ ಮಾಡಿಸಬಹುದು. ನಮ್ಮದು 48,000. ಗುತ್ತಿಗೆದಾರರು ಕಾರವಾರದಲ್ಲಿದ್ದ ತಮ್ಮ ಭಾವನ ಕೈಗೆ ದುಡ್ಡು ಕೊಟ್ಟು ಮಾಡಿಸಿದ್ದರು. ಅವರು ಕೌಂಟರಿನಲ್ಲಿ ತಮ್ಮದೇ ಹೆಸರಿನ ಸ್ಲಿಪ್ ತುಂಬಿದರು, ಅದೇ ಹೆಸರು ಡಿಡಿ ಮೇಲೆ ಬಂತು. ಇದರಲ್ಲಿ ಮೋಸ ಏನೂ ಇರಲಿಲ್ಲ, ಸುಮ್ನೆ ಅನುಕೂಲಕ್ಕೆ ಮಾಡಿದ್ದು. ಆದರೆ ಈಗ ಬ್ಯಾಂಕಿನ ಲೆಕ್ಕದಲ್ಲಿ ದುಡ್ಡು ಕಟ್ಟಿದವರು ಭಾವ. ಟೆಂಡರಿಗೆ ಸಹಿ ಹಾಕಿದವರು ಗುತ್ತಿಗೆದಾರರು. ಭಾವನಿಗೆ ನಮ್ಮ ನಿಯಮ ಗೊತ್ತಿಲ್ಲ, ನಮ್ಮ ಜೊತೆ ಕರಾರೂ ಇಲ್ಲ.

ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋದೆ. ಭಾವ ಒಳ್ಳೆಯ ಮನುಷ್ಯ, ಚಾ ಕೊಟ್ಟರು. ‘ಅರ್ಜಿಗೆ ಸಹಿ ಹಾಕಿದರೆ ದುಡ್ಡು ನಿಮಗೆ ಹೋಗ್ತದೆ, ನಾನು ಯಾಕೆ ಹಾಕ್ಲಿ ಸಾರ್?’ ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಅವರಾದರೂ ಡಿಡಿ ರದ್ದು ಮಾಡಿಸಿ ದುಡ್ಡು ವಾಪಸ್ ಪಡೆಯಬೇಕಾದರೆ ಮೂಲ ಡಿಡಿ ಬ್ಯಾಂಕಿಗೆ ಒಪ್ಪಿಸಬೇಕು. ಅದು ನಮ್ಮ ತಿಜೋರಿಯಲ್ಲಿದೆ.

ಈಗ ನಾನು ಡಿಡಿ ನೋಡುವಾಗ ತಾರೀಖಿನಿಂದ ಶುರು ಮಾಡುತ್ತೇನೆ. ಅದಕ್ಕೆ ಮೂರು ತಿಂಗಳು ಕೂಡಿಸಿ, ಬಂದ ತಾರೀಖನ್ನು ಪಟ್ಟಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ. ಆಮೇಲೆ ಟೆಂಡರ್ ಫಾರ್ಮನ್ನು ಪಕ್ಕದಲ್ಲಿಟ್ಟು ಮಾಡಿಸಿದವರ ಹೆಸರನ್ನು ಅಕ್ಷರ ಅಕ್ಷರ ಹೋಲಿಸುತ್ತೇನೆ. ಫಾರ್ಮು ಅಂಗಡಿಯ ಹೆಸರಿನಲ್ಲಿದ್ದು ಡಿಡಿ ಮಾಲೀಕರ ಹೆಸರಿನಲ್ಲಿದ್ದರೆ, ಇಬ್ಬರೂ ಒಂದೇ ಅಂತ ತೋರಿಸುವ ಜಿಎಸ್‌ಟಿ ನೋಂದಣಿ ಪತ್ರ ಲಕೋಟೆಯಲ್ಲೇ ಇರಬೇಕು. ಮೂರನೆಯವರ ಹೆಸರಿದ್ದರೆ ಆಗೋದಿಲ್ಲ ಅಂತ ಈಗ ನೋಟಿಸಿನಲ್ಲೇ ಹಾಕುತ್ತೇವೆ. ಮೊದಲೇ ಹೇಳದೆ ಆಮೇಲೆ ತಿರಸ್ಕರಿಸಿದರೆ ಜಗಳ ನಮ್ಮ ತಲೆಗೇ.

ಇನ್ನೊಂದು ಬದಲಾವಣೆಯನ್ನು ನಮ್ಮ ಆಡಿಟರ್ ಹೇಳಿಕೊಟ್ಟರು. ಲಕೋಟೆ ಒಡೆದ ದಿನವೇ ಡಿಡಿಗಳನ್ನು ಸಂಘದ ಖಾತೆಗೆ ಜಮಾ ಮಾಡಿ, ಠೇವಣಿ ಅಂತ ಲೆಕ್ಕದಲ್ಲಿ ತೋರಿಸಿ, ಟೆಂಡರ್ ಸಿಗದವರಿಗೆ ಆಮೇಲೆ ಎನ್‌ಇಎಫ್‌ಟಿ ಮಾಡುವುದು. ಇದನ್ನೂ ನೋಟಿಸಿನಲ್ಲಿ ಬರೆದಿರುತ್ತೇವೆ. ದುಡ್ಡು ಒಮ್ಮೆ ಖಾತೆಗೆ ಬಂದ ಮೇಲೆ ಮುದತ್ತಿನ ತಲೆಬಿಸಿಯೇ ಇಲ್ಲ. ಕೆಲವು ಕಡೆ ‘ಡಿಡಿ 180 ದಿನ ಊರ್ಜಿತ ಇರತಕ್ಕದ್ದು’ ಅಂತ ಷರತ್ತು ಹಾಕೋದನ್ನು ನೋಡಿದ್ದೇನೆ. ಅಂಥ ಡಿಡಿಯನ್ನು ಯಾವ ಬ್ಯಾಂಕೂ ಕೊಡೋದಿಲ್ಲ. ಅಷ್ಟು ದಿನ ಬೇಕಾದರೆ ಬ್ಯಾಂಕ್ ಗ್ಯಾರಂಟಿ ಕೇಳಬೇಕು.

ಗೋಡೌನಿಗೆ ಮತ್ತೆ ಟೆಂಡರ್ ಕರೆದೆವು. ದೀಪಾವಳಿ ಕಳೆದ ಮೇಲೆ ಕೆಲಸ ಆಯಿತು, ಮೊದಲಿನ ದರಕ್ಕಿಂತ ಜಾಸ್ತಿ ಕೊಟ್ಟು. ಕಾರವಾರದ ಭಾವ ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ‘ಸಾರ್, ಡಿಡಿ ಕಳಿಸ್ತೀರಾ?’ ಅನ್ನುತ್ತಾರೆ. ‘ಅರ್ಜಿಗೆ ಸಹಿ ಹಾಕ್ತೀರಾ?’ ಅನ್ನುತ್ತೇನೆ. ಆಮೇಲೆ ಇಬ್ಬರೂ ಮಳೆ ವಿಷಯ ಮಾತಾಡಿ ಫೋನ್ ಇಡುತ್ತೇವೆ.