ಮೇಲ್, ವಾಟ್ಸಾಪ್, ಫೋನ್: ಕಸ್ಟಮರ್ ಜೊತೆ ಮೂರೂ ಟ್ರೈ ಮಾಡಿ ನೋಡಿದ್ದು

ನಮ್ದು ಪೀಣ್ಯದಲ್ಲಿ ಸಣ್ಣ ಟರ್ನಿಂಗ್ ಶಾಪ್. ಎರಡು ಸಿಎನ್‌ಸಿ, ಮೂರು ಹಳೇ ಲೇತ್, ಆಫೀಸ್ ಅಂದ್ರೆ ಗಾಜಿನ ಪಾರ್ಟಿಷನ್ ಹಿಂದೆ ಒಂದು ಟೇಬಲ್ ಅಷ್ಟೇ. ಕಸ್ಟಮರ್, ಮೆಟೀರಿಯಲ್ ಸಪ್ಲೈಯರ್, ಟ್ರಾನ್ಸ್‌ಪೋರ್ಟ್ ಎಲ್ಲಾ ನಾನೇ ನೋಡ್ಕೊಳ್ಳೋದು. ಮೊದ್ಲು ಎಲ್ಲದಕ್ಕೂ ಫೋನ್ ಮಾಡ್ತಿದ್ದೆ, ಆಮೇಲೆ ಎಲ್ಲದಕ್ಕೂ ವಾಟ್ಸಾಪ್, ಒಂದು ಸಲ ತಲೆ ಕೆಟ್ಟು ಇನ್ಮೇಲೆ ಎಲ್ಲಾ ಮೇಲಲ್ಲೇ ಅಂತ ಒಂದು ತಿಂಗಳು ನಡೆಸಿದೆ, ಲಾರಿ ಡ್ರೈವರ್ ಹತ್ರ ಮೇಲ್ ಐಡಿ ಕೇಳಿದ್ದನ್ನ ನಮ್ಮ ಹುಡುಗ್ರು ಇವತ್ತಿಗೂ ಆಡ್ಕೊಂಡು ನಗ್ತಾರೆ.

ಫೋನಿಂದ ಬಿದ್ದ ಪೆಟ್ಟು ಮೊದ್ಲು ಹೇಳ್ತೀನಿ. ಹಳೇ ಕಸ್ಟಮರ್ ಒಬ್ರು ಫೋನ್ ಮಾಡಿ ಗನ್‌ಮೆಟಲ್ ಬುಷ್ ಅರ್ಜೆಂಟ್ ಬೇಕು, ಆರ್ಡರ್ ಕಾಗದ, ಅದೇ ಪಿಓ, ಆಮೇಲೆ ಕಳಿಸ್ತೀನಿ, ಶುರು ಮಾಡ್ಬಿಡಿ ಅಂದ್ರು. ಎಷ್ಟು ಸರ್ ಅಂದೆ, "ಸಿಕ್ಸ್‌ಟೀನ್" ಅಂದ್ರು, ಹಿಂದೆ ಲೇತ್ ಓಡ್ತಾ ಇತ್ತು, ನನ್ನ ಕಿವಿಗೆ "ಸಿಕ್ಸ್‌ಟಿ" ಅಂತ ಬಿತ್ತು. ಕನ್ನಡದಲ್ಲಿ ಹದಿನಾರು ಅಂದಿದ್ರೆ ಅರವತ್ತು ಅಂತ ಯಾರಿಗೂ ಕೇಳ್ತಿರ್ಲಿಲ್ಲ, ಆದ್ರೆ ನಂಬರ್ ಬಂದ್ರೆ ನಾವೆಲ್ಲಾ ಇಂಗ್ಲಿಷಿಗೇ ಹಾರ್ತೀವಿ. ಪಿಓ ಮೂರು ದಿನ ಬಿಟ್ಟು ಬಂತು, ಅಷ್ಟರಲ್ಲಿ 60 ಪೀಸ್ ರೆಡಿ. ಗನ್‌ಮೆಟಲ್ ಏನು ಮೈಲ್ಡ್ ಸ್ಟೀಲ್ ರೇಟಿಗೆ ಸಿಗಲ್ಲ. ಪಾಪ ಅವ್ರು ಒಳ್ಳೇವ್ರು, ಮುಂದಿನ ಆರ್ಡರಲ್ಲಿ ಇನ್ನೊಂದು 20 ತಗೊಂಡ್ರು, ಉಳಿದ 24 ಇನ್ನೂ ನನ್ನ ರ‍್ಯಾಕಲ್ಲೇ ಇದೆ.

ಹಂಗಂತ ಫೋನ್ ಬಿಡಕ್ಕಾಗಲ್ಲ. ರೇಟ್ ಚೌಕಾಸಿ ಮೇಲಲ್ಲಿ ಮಾಡಿ ನೋಡಿದೀನಿ, ಒಂದು ಮೇಲ್ ಆ ಕಡೆ, ಎರಡು ದಿನ ಬಿಟ್ಟು ಒಂದು ಈ ಕಡೆ, ವಾರ ಹೋಯ್ತು. ಫೋನಲ್ಲಿ ಆರು ನಿಮಿಷ. ಅವ್ರು ಪೀಸಿಗೆ 210 ಅಂದು ಸ್ವಲ್ಪ ಹೊತ್ತು ಸುಮ್ನಿದ್ರೆ ಇನ್ನೊಂದು ಹತ್ತು ಏರಿಸ್ತಾರೆ ಅಂತ ಗೊತ್ತಾಗುತ್ತೆ, ಮೇಲಲ್ಲಿ ಆ ಸುಮ್ನಿರೋದು ಕಾಣಲ್ಲ. ಅದಕ್ಕೇ ಈಗ ಮಾತು ಫೋನಲ್ಲೇ ಮುಗಿಸಿ, ಫೋನ್ ಇಟ್ಟು ಹತ್ತು ನಿಮಿಷದೊಳಗೆ ನಾಲ್ಕು ಸಾಲಿನ ಮೇಲ್ ಹಾಕ್ತೀನಿ: ಈಗ ಮಾತಾಡಿದ ಪ್ರಕಾರ ಇಂಥಾ ಪಾರ್ಟ್, ಇಷ್ಟು ಪೀಸ್ (16, ಸಿಕ್ಸ್‌ಟೀನ್ ಅಂತ ಅಂಕಿ, ಅಕ್ಷರ ಎರಡೂ), ಇಷ್ಟು ರೇಟ್ ಜಿಎಸ್‌ಟಿ ಬಿಟ್ಟು, ಈ ತಾರೀಕಿಗೆ ಡೆಲಿವರಿ, ತಪ್ಪಿದ್ರೆ ಇವತ್ತೇ ಹೇಳಿ. ಅದಕ್ಕೆ "ಓಕೆ" ಅಂತ ಒಂದು ರಿಪ್ಲೈ ಬರೋವರೆಗೂ ಬಾರ್ ಕಟ್ ಮಾಡಲ್ಲ.

ಈ ನಾಲ್ಕು ಸಾಲು ವಾಟ್ಸಾಪಲ್ಲಿ ಯಾಕೆ ಹಾಕ್ಬಾರ್ದು ಅಂತ ನಮ್ಮ ತಮ್ಮ ಕೇಳ್ತಾನೆ. ಒಂದು ವರ್ಷ ಹಂಗೇ ಮಾಡಿದ್ದೆ. ತೊಂದರೆ ಗೊತ್ತಾಗಿದ್ದು ಒಂದು ಕಂಪನಿಯ ಪರ್ಚೇಸ್ ಆಫೀಸರ್ ಕೆಲಸ ಬಿಟ್ಟಾಗ. ಆತನ ನಂಬರ್ ಆತನದ್ದು, ಕಂಪನಿದಲ್ಲ. ರೇಟ್ ಏರಿಸಿದ್ದು, ಡೇಟ್ ಮುಂದಕ್ಕೆ ಹಾಕಿದ್ದು ಎಲ್ಲಾ ಆತನ ಜೇಬಲ್ಲಿ ಹೋಯ್ತು. ಹೊಸಬ್ರು ಬಂದು "ನಮ್ಮ ಹತ್ರ ರೆಕಾರ್ಡ್ ಇಲ್ವಲ್ಲ ಸರ್" ಅಂದ್ರು, ಅವ್ರದ್ದೂ ತಪ್ಪಲ್ಲ. ನನ್ನ ಹತ್ರ ಇದ್ದ ಸ್ಕ್ರೀನ್‌ಶಾಟ್ ತೋರಿಸ್ದೆ, ಅದ್ರಲ್ಲಿ ರೇಟ್ ಹಾಕಿದ್ದ ಮೆಸೇಜ್ ಮೇಲೆ ಎಡಿಟ್ ಆಗಿದೆ ಅನ್ನೋ ಗುರುತು ಬೇರೆ. ವಾಟ್ಸಾಪಲ್ಲಿ 15 ನಿಮಿಷದೊಳಗೆ ಎಡಿಟ್ ಮಾಡ್ಬೋದು, ಎಡಿಟ್ ಆಗಿದೆ ಅಂತ ಕಾಣುತ್ತೆ, ಮೊದ್ಲು ಏನಿತ್ತು ಅಂತ ಕಾಣಲ್ಲ. ನಾನು ತಿದ್ದಿದ್ದು ಬರೀ ಸ್ಪೆಲಿಂಗು, ಆದ್ರೆ ಈಗ ಯಾರು ನಂಬ್ತಾರೆ? ಮೇಲಾದ್ರೆ ಆಫೀಸರ್ ಜೊತೆ ಅವ್ರ ಕಾಮನ್ ಪರ್ಚೇಸ್ ಐಡಿಗೂ ಸಿಸಿ ಹಾಕ್ತೀನಿ, ಆಳು ಹೋದ್ರೂ ಮೇಲ್ ಅಲ್ಲೇ ಇರುತ್ತೆ.

ಡ್ರಾಯಿಂಗ್ ವಿಷಯದಲ್ಲೂ ಅಷ್ಟೇ. ಡ್ರಾಯಿಂಗ್ ಶೀಟಿನ ಫೋಟೋ ಹೊಡೆದು ವಾಟ್ಸಾಪಲ್ಲಿ ಹಾಕೋರು ಬೇಜಾನ್ ಜನ ಇದಾರೆ, ಅದು ಫೋಟೋನ ಕುಗ್ಗಿಸಿ ಕಳಿಸುತ್ತೆ, ಜೂಮ್ ಮಾಡಿದ್ರೆ ಸಣ್ಣ ಅಕ್ಷರ ಎಲ್ಲಾ ಮಸುಕು. 40 H7 ಅಂದ್ರೆ ಬೋರ್ 40.000 ರಿಂದ 40.025 ಮಿಮೀ ಒಳಗೆ ಬರ್ಬೇಕು. ಆ 7 ನಮ್ಮ ಆಪರೇಟರ್ ಕಣ್ಣಿಗೆ 9 ಆದ್ರೆ 40.062 ವರೆಗೂ ಓಕೆ ಅಂತ ಬಿಡ್ತಾನೆ, ಅಲ್ಲಿ ಹೋಗಿ ಶಾಫ್ಟ್ ಲಟಲಟ. ಅರ್ಜೆಂಟಿದ್ರೆ ಪಿಡಿಎಫ್‌ನ ಡಾಕ್ಯುಮೆಂಟ್ ಆಗಿ ಅಟ್ಯಾಚ್ ಮಾಡಿ ಅಂತೀನಿ, ಆಗ ಫೈಲ್ ಇದ್ದಂಗೇ ಬರುತ್ತೆ. ಆದ್ರೆ ಮಷೀನಿಗೆ ಹಾಕೋದು ಮೇಲಲ್ಲಿ ಬಂದ ಡ್ರಾಯಿಂಗ್ ಮಾತ್ರ, ಸಬ್ಜೆಕ್ಟಲ್ಲಿ ಪಾರ್ಟ್ ನಂಬರ್, ರಿವಿಷನ್ ಇರ್ಬೇಕು. ಗ್ರೂಪಲ್ಲಿ ರಿವಿಷನ್ ಬಿ, ಸಿ ಎರಡೂ ಬಂದು ಮಧ್ಯೆ ಹಬ್ಬದ ಶುಭಾಶಯ ನಲವತ್ತು ಬಿದ್ದಿದ್ರೆ ಯಾವ್ದು ಕೊನೇದು ಅಂತ ಯಾರು ಹುಡುಕ್ತಾರೆ?

ಡೆಲಿವರಿ ಲೇಟ್ ಆಗುತ್ತೆ ಅನ್ನೋ ಸುದ್ದಿಗೆ ಮಾತ್ರ ಫೋನೇ ಮೊದ್ಲು. ಒಂದ್ಸಲ ಬೈಗುಳ ತಿನ್ನೋಕೆ ಹೆದರಿ ರಾತ್ರಿ ಒಂಬತ್ತೂವರೆಗೆ "ಸರ್ ನಾಳೆ ಆಗಲ್ಲ, ಗುರುವಾರ ಕೊಡ್ತೀನಿ" ಅಂತ ಮೆಸೇಜ್ ಹಾಕಿ ಮಲಗ್ದೆ. ಬೆಳಿಗ್ಗೆ ಏಳಕ್ಕೇ ಹೊಸೂರಿಂದ ಅವ್ರ ಗಾಡಿ ನಮ್ಮ ಗೇಟಲ್ಲಿ ನಿಂತಿತ್ತು, ಮೆಸೇಜ್ ನೋಡೇ ಇಲ್ಲ. ಗಾಡಿ ಬಾಡಿಗೆ ನಾನೇ ಕಟ್ಟಿ, ಬೈಗುಳನೂ ಡಬಲ್ ತಿಂದೆ.

ದುಡ್ಡು ಕೇಳೋದ್ರಲ್ಲಿ ಮೂರೂ ಬೇಕು, ಆದ್ರೆ ಯಾವ್ದು ಮೊದ್ಲು ಅನ್ನೋದೇ ಮುಖ್ಯ. ಬರೀ ವಾಟ್ಸಾಪ್ ಹಾಕಿದ್ರೆ ನೀಲಿ ಟಿಕ್ ಬರುತ್ತೆ, ದುಡ್ಡು ಬರಲ್ಲ, ಕೆಲವ್ರು ಟಿಕ್ಕೇ ಆಫ್ ಮಾಡಿಟ್ಟಿರ್ತಾರೆ. ಬರೀ ಫೋನ್ ಮಾಡಿದ್ರೆ "ಬಿಲ್ ಕಾಪಿ ಸಿಕ್ಕಿಲ್ಲ, ಮೇಲ್ ಹಾಕಿ" ಅಂತಾರೆ, ಅಲ್ಲಿಗೆ ಒಂದು ವಾರ ಢಮಾರ್. ಅದಕ್ಕೆ ಬೆಳಿಗ್ಗೆ ಹತ್ತಕ್ಕೆ ಅಕೌಂಟ್ಸ್‌ಗೆ ಮೇಲ್: ಇನ್‌ವಾಯ್ಸ್ ನಂಬರ್, ತಾರೀಕು, ಮೊತ್ತ, ಡ್ಯೂ ಡೇಟ್, ಜೊತೆಗೆ ಸ್ಟೋರ್ಸ್ ಸೀಲ್ ಬಿದ್ದ ಚಲನ್ ಸ್ಕ್ಯಾನ್. ಮಧ್ಯಾಹ್ನ ಮೂರರ ಮೇಲೆ ಫೋನ್: "ಮೇಡಮ್, ಬೆಳಿಗ್ಗೆ ಮೇಲ್ ಹಾಕಿದೀನಿ, ಸ್ವಲ್ಪ ತೆಗೀತೀರಾ?" ಲೈನಲ್ಲಿರುವಾಗ್ಲೇ ಅವ್ರು ತೆಗೆದು ಅಪ್ರೂವಲ್‌ಗೆ ಫಾರ್ವರ್ಡ್ ಮಾಡ್ಬಿಡ್ತಾರೆ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಾಯಿಸಿದ ಉದ್ಯಮ್ ನಂಬರ್ ಕೂಡ ಕೆಳಗೆ ಹಾಕ್ತೀನಿ, ನಮ್ಮಂಥ ಸಣ್ಣ ಯೂನಿಟ್‌ಗೆ ಬರಹದಲ್ಲಿ ಒಪ್ಪಂದ ಇದ್ರೂ ದುಡ್ಡು ಕೊಡೋದು 45 ದಿನ ದಾಟಂಗಿಲ್ಲ, ಇಲ್ಲದಿದ್ರೆ 15 ದಿನ, ಅಂತ 2006ರ ಎಂಎಸ್‌ಎಂಇ ಕಾಯ್ದೆಲಿದೆ. ಮಾಲಿನ ಬಗ್ಗೆ ತಕರಾರಿದ್ರೂ 15 ದಿನದಲ್ಲಿ ಬರಹದಲ್ಲೇ ಹೇಳ್ಬೇಕು, ಫೋನಲ್ಲಿ ಗೊಣಗಿದ್ದು ಅಲ್ಲಿ ಲೆಕ್ಕಕ್ಕಿಲ್ಲ. ಇದು ನಮಗೂ ಅನ್ವಯ ಆಗುತ್ತೆ, ಪ್ಲೇಟಿಂಗ್ ಅವ್ರು ಕೆಲಸ ಕೆಡಿಸಿದ್ರೆ ಈಗ ಫೋನಲ್ಲಿ ಬೈದ ಮೇಲೆ ಮೇಲೂ ಹಾಕ್ತೀನಿ.

ವಾಟ್ಸಾಪ್ ನಿಜವಾಗ್ಲೂ ಗೆಲ್ಲೋದು ಗಾಡಿ ವಿಷಯದಲ್ಲಿ. 50,000 ದಾಟಿದ ಮಾಲಿಗೆ ಇ-ವೇ ಬಿಲ್ ಬೇಕು, ಅದ್ರಲ್ಲಿ ಗಾಡಿ ನಂಬರ್ ಹಾಕ್ಬೇಕು, ಫೋನಲ್ಲಿ ಕೇಳಿದ್ರೆ ಬಿ, ಡಿ, ಪಿ ಎಲ್ಲಾ ಒಂದೇ ಥರ ಕೇಳುತ್ತೆ. ಡ್ರೈವರ್ ನಂಬರ್ ಪ್ಲೇಟ್ ಫೋಟೋ ಹಾಕಿದ್ರೆ ಮುಗೀತು, ಜೊತೆಗೆ ಲೊಕೇಶನ್. ಈ ಫೋಟೋ ನಾಳೆ ಯಾರಿಗೂ ಬೇಡ, ಕಳ್ದೋದ್ರೂ ಚಿಂತೆ ಇಲ್ಲ.

ಪುಣೆ ಕಸ್ಟಮರ್ ಒಬ್ರ ಜೊತೆ ಮಾತ್ರ ನನ್ನ ಯಾವ ರೂಲೂ ನಡೆಯಲ್ಲ. ಅವ್ರ ಸ್ಟೋರ್ಸ್ ದಾದಾಗೆ ಕನ್ನಡ ಬರಲ್ಲ, ನನ್ನ ಹಿಂದಿ ಅರ್ಧ ನಿಮಿಷಕ್ಕೇ ಖಾಲಿ. ರಿಜೆಕ್ಟ್ ಆದ ಪೀಸನ್ನ ವರ್ನಿಯರ್ ಬಾಯಿಗೆ ಕಚ್ಚಿಸಿ ಫೋಟೋ ಕಳಿಸ್ತಾರೆ, ಕೆಳಗೆ ಒಂದು ಅಳೋ ಇಮೋಜಿ. ಸಂಜೆ ಅವ್ರ ಕ್ವಾಲಿಟಿಯಿಂದ ಮೇಲ್ ಬರುತ್ತೆ, ಅಷ್ಟೊತ್ತಿಗೆ ನಾವು ಇಲ್ಲಿ ಹೊಸ ಪೀಸ್ ಲೇತಿನ ಚಕ್‌ಗೆ ಕಟ್ಟಿರ್ತೀವಿ.