ಐದು ಪಟ್ಟು ಅಂಕಗಳ ಕ್ರೆಡಿಟ್ ಕಾರ್ಡ್: ಹಲವು ವರ್ಷ ಬಳಸಿದ ಮೇಲಿನ ಲೆಕ್ಕ

ಹಲವು ವರ್ಷಗಳಿಂದ ನಾನು ಬಳಸುತ್ತಿರುವುದು ವಾರ್ಷಿಕ ಶುಲ್ಕವಿರುವ ಒಂದು ರಿವಾರ್ಡ್ ಕಾರ್ಡ್. ಆನ್‌ಲೈನ್ ಖರೀದಿಗೆ ಐದು ಪಟ್ಟು ಅಂಕ ಎಂಬುದೇ ಅದರ ದೊಡ್ಡ ಜಾಹೀರಾತು. ಆ್ಯಪ್ ಚೆನ್ನಾಗಿದೆ, ಬಿಲ್ ಸಕಾಲಕ್ಕೆ ಬರುತ್ತದೆ, ತಪ್ಪಾಗಿ ಕಡಿತವಾದ ಹಣವೂ ತಕರಾರಿಲ್ಲದೆ ಮರಳಿ ಬಂದಿದೆ. ಸೇವೆಯ ಬಗ್ಗೆ ದೂರಿಲ್ಲ. ನನ್ನ ಆಕ್ಷೇಪವಿರುವುದು ಆ ‘ಐದು ಪಟ್ಟು’ ಎಂಬ ಮಾತಿನ ಬಗ್ಗೆ.

ಯಾವುದರ ಐದು ಪಟ್ಟು ಎಂದು ಮೊದಲು ಕೇಳಬೇಕು. ಈ ಕಾರ್ಡಿನಲ್ಲಿ ಪ್ರತಿ 100ರ ಖರ್ಚಿಗೆ 2 ಅಂಕ, ಒಂದು ಅಂಕದ ಬೆಲೆ 0.25. ಅಂದರೆ ಮೂಲ ಲಾಭ ಶೇ 0.5. ಐದು ಪಟ್ಟು ಎಂದರೆ ಶೇ 2.5, ಅಷ್ಟೇ. ಆ 0.25 ಕೂಡ ಪ್ರಯಾಣದ ಟಿಕೆಟ್ ಕೊಂಡಾಗ ಸಿಗುವ ಬೆಲೆ. ಬಿಲ್ಲಿಗೆ ವಜಾ ಮಾಡಿಸಿಕೊಂಡರೆ ಇನ್ನೂ ಕಡಿಮೆ. ನೀವು ನಿಜವಾಗಿ ಯಾವ ದಾರಿಯಲ್ಲಿ ಅಂಕಗಳನ್ನು ಬಳಸುತ್ತೀರೋ ಆ ದಾರಿಯ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಜೊತೆಗೆ, ಅಂಕಗಳು ಪೂರ್ತಿ ನೂರಕ್ಕೆ ಮಾತ್ರ ಬರುತ್ತವೆ. 190 ಖರ್ಚು ಮಾಡಿದರೂ ಸಿಗುವುದು 100ರ ಅಂಕವೇ. ಸಣ್ಣ ಸಣ್ಣ ಮೊತ್ತಗಳಿಗೆ ಕಾರ್ಡ್ ಬಳಸುವವರಿಗೆ ಈ ಸೋರಿಕೆ ಕಡಿಮೆಯೇನಲ್ಲ.

ಹೊಸ ಕಾರ್ಡ್ ಆರಿಸುವವರು ಹನ್ನೆರಡು ತಿಂಗಳ ಬಿಲ್‌ಗಳನ್ನು ಮುಂದಿಟ್ಟುಕೊಂಡು ಕೂರುವುದು ಒಳ್ಳೆಯದು. ದುಂಡು ಅಂಕಿಗಳಲ್ಲಿ ಒಂದು ಉದಾಹರಣೆ ಮಾಡಿ ನೋಡೋಣ. ಹಣ ಯಾವ ದೇಶದ್ದಾದರೂ ಲೆಕ್ಕದ ದಾರಿ ಒಂದೇ. ವರ್ಷದ ಖರ್ಚು 3,00,000. ಅದರಲ್ಲಿ ಬಾಡಿಗೆ, ವಿಮೆ, ಇಂಧನ ಸೇರಿ 1,20,000. ಇಂಥ ಖರ್ಚುಗಳಿಗೆ ಅನೇಕ ಕಾರ್ಡುಗಳು ಅಂಕ ಕೊಡುವುದಿಲ್ಲ, ನನ್ನದೂ ಕೊಡುವುದಿಲ್ಲ. ಉಳಿದ 1,80,000ರಲ್ಲಿ ಆನ್‌ಲೈನ್ ಖರೀದಿ 60,000, ಇತರೆ 1,20,000. ಆನ್‌ಲೈನ್‌ನಿಂದ 1,500, ಇತರೆಯಿಂದ 600, ಒಟ್ಟು 2,100 ಲಾಭ. ವಾರ್ಷಿಕ ಶುಲ್ಕ 2,000 ಕಳೆದರೆ ಕೈಯಲ್ಲಿ ಉಳಿಯುವುದು 100. ಶುಲ್ಕದ ಮೇಲೆ ತೆರಿಗೆ ಬಿದ್ದರೆ ಅದೂ ಉಳಿಯಲಿಕ್ಕಿಲ್ಲ. ಶುಲ್ಕವೇ ಇಲ್ಲದ, ಎಲ್ಲ ಖರ್ಚಿಗೂ ಶೇ 1 ಹಣ ಮರಳಿಸುವ ಸಾದಾ ಕಾರ್ಡ್ ಅದೇ 1,80,000ಕ್ಕೆ 1,800 ಕೊಡುತ್ತದೆ.

ಆನ್‌ಲೈನ್ ಖರೀದಿ ಹೆಚ್ಚಿದ್ದರೆ ಗೆಲ್ಲಬಹುದಲ್ಲ ಎಂದು ಕೇಳಬಹುದು. 1,80,000ರಲ್ಲಿ 1,45,000 ಆನ್‌ಲೈನ್ ಆಗಿದ್ದರೆ ಎರಡು ಕಾರ್ಡುಗಳೂ ಸಮಸಮ. ಆದರೆ ನಿಯಮಗಳ ಕೊನೆಯ ಪುಟದಲ್ಲಿ ಇನ್ನೊಂದು ಸಾಲಿದೆ: ಐದು ಪಟ್ಟು ದರದಲ್ಲಿ ತಿಂಗಳಿಗೆ 1,000 ಅಂಕ ಮಾತ್ರ, ನಂತರ ಮೂಲ ದರ. ತಿಂಗಳಿಗೆ 10,000 ಖರ್ಚಾದಾಗಲೇ ಆ ಮಿತಿ ಮುಗಿಯುತ್ತದೆ. ಹಾಗಾಗಿ ವರ್ಷದ 1,80,000ವನ್ನೂ ಆನ್‌ಲೈನಿನಲ್ಲೇ ಖರ್ಚು ಮಾಡಿದರೂ ಲಾಭ 3,300, ಶುಲ್ಕ ಕಳೆದರೆ 1,300. ಅಂದರೆ ಇಷ್ಟು ಖರ್ಚಿನ ಮನೆಯಲ್ಲಿ ಈ ಕಾರ್ಡ್ ಸಾದಾ ಕಾರ್ಡನ್ನು ಸೋಲಿಸುವುದಕ್ಕೆ ದಾರಿಯೇ ಇಲ್ಲ. ಈ ಮಿತಿಯನ್ನು ಜಾಹೀರಾತಿನಲ್ಲಿ ಅಷ್ಟೇ ದಪ್ಪ ಅಕ್ಷರಗಳಲ್ಲಿ ಹಾಕದಿರುವುದು ನನಗೆ ನಿಜಕ್ಕೂ ಸಿಟ್ಟು ತರಿಸುವ ಸಂಗತಿ.

ಶುಲ್ಕ ಮನ್ನಾ ಎಂಬ ಆಮಿಷವೂ ಇದೆ: ವರ್ಷಕ್ಕೆ 2,50,000 ಖರ್ಚು ಮಾಡಿದರೆ 2,000 ಮಾಫಿ. ಒಟ್ಟು ಖರ್ಚು 3,00,000 ಇದ್ದರೂ ಬಾಡಿಗೆ, ವಿಮೆ, ಇಂಧನ ಇಲ್ಲಿಯೂ ಎಣಿಕೆಗೆ ಬರುವುದಿಲ್ಲ. ಹಾಗಾಗಿ 70,000 ಕೊರತೆ. 2,000 ಉಳಿಸಲು 70,000ದ ಬೇಡದ ಸಾಮಾನು ಕೊಳ್ಳುವುದು ಯಾವ ಲೆಕ್ಕ? ಸ್ವಾಗತ ಉಡುಗೊರೆಯೂ ಒಮ್ಮೆ ಬರುವಂಥದ್ದು, ಶುಲ್ಕ ಪ್ರತಿ ವರ್ಷದ್ದು. ಆದ್ದರಿಂದ ಹೋಲಿಕೆಯನ್ನು ಎರಡನೇ ವರ್ಷದಿಂದ ಮಾಡಬೇಕು.

ಈ ಲೆಕ್ಕವೆಲ್ಲ ಬಿಲ್ ಪೂರ್ತಿ ಕಟ್ಟುವವರಿಗೆ. ಕನಿಷ್ಠ ಮೊತ್ತವಷ್ಟೇ ಕಟ್ಟಿ ಬಾಕಿ ಉಳಿಸಿದರೆ ತಿಂಗಳಿಗೆ ಶೇ 3ರಷ್ಟು ಬಡ್ಡಿ ಬೀಳಬಹುದು; ಸಾಮಾನ್ಯವಾಗಿ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ತಪ್ಪುತ್ತದೆ. ಅಂಥವರು ಅಂಕಗಳನ್ನು ಮರೆತು ಬಡ್ಡಿ ಕಡಿಮೆ ಇರುವ ಕಾರ್ಡ್ ನೋಡುವುದು ಲೇಸು.

ಪ್ರಯಾಣಕ್ಕೆ ಹೆಚ್ಚು ಖರ್ಚು ಮಾಡುವ, ವಿಮಾನ ನಿಲ್ದಾಣದ ಲಾಂಜ್ ನಿಜಕ್ಕೂ ಬಳಸುವ ಮನೆಗಳಿಗೆ ಈ ಕಾರ್ಡ್ ಹೊಂದೀತು. ನಾನು ಐದಕ್ಕೆ ಎರಡು ಕೊಡುತ್ತೇನೆ, ಅದೂ ಸೇವೆಗಾಗಿ. ಮುಂದಿನ ಶುಲ್ಕದ ತಾರೀಖಿಗೆ ಮೊದಲೇ ಇದನ್ನು ಅದೇ ಬ್ಯಾಂಕಿನ ಶುಲ್ಕವಿಲ್ಲದ ಕಾರ್ಡಿಗೆ ಬದಲಿಸಿಕೊಡಿ ಎಂದು ಕೇಳಿದ್ದೇನೆ. ಕಾರ್ಡ್ ಮುಚ್ಚಿದರೆ ಬಳಸದ ಅಂಕಗಳು ಕೈತಪ್ಪುವ ಸಾಧ್ಯತೆ ಇರುವುದರಿಂದ, ಅರ್ಜಿ ಹಾಕುವ ಮುನ್ನ ಇದ್ದ ಅಂಕಗಳನ್ನೆಲ್ಲ ಬಿಲ್ಲಿಗೆ ವಜಾ ಮಾಡಿಸಿಕೊಂಡೆ.