ಚರ್ಚ್‌ಗೇಟ್‌ನಿಂದ ಅಂಧೇರಿಗೆ, ಸಂಜೆ: ವಿರಾರ್ ಫಾಸ್ಟಾ, ಅಂಧೇರಿ ಸ್ಲೋನಾ?

ಮುಂಬೈ ಲೋಕಲ್ ರೈಲಿಗೆ ಹೊಸಬರಾದರೆ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಅಂಧೇರಿ ಸ್ಲೋ ಹಿಡಿಯಿರಿ. ಕೆಲವೇ ಕಡೆ ನಿಲ್ಲುವ ಫಾಸ್ಟ್ ಬೇಗ ತಲುಪಿಸುತ್ತದೆ, ನಿಜ. ಆದರೆ ವಿರಾರ್ ಗಾಡಿಯಲ್ಲಿ ಹೆಚ್ಚಿನವರು ಅಂಧೇರಿ ದಾಟಿ ಹೋಗುವವರು. ಅವರ ನಡುವೆ ದಾರಿ ಸಿಗುವುದು ಕಷ್ಟ. ಅಂಧೇರಿಯಲ್ಲಿ ಹತ್ತುವವರ ಅಲೆ ನಿಮ್ಮನ್ನು ಮತ್ತೆ ಒಳಗೆ ತಳ್ಳಿಬಿಡುತ್ತದೆ. ಸ್ಲೋ ಗಾಡಿ ಅಲ್ಲೇ ಮುಗಿಯುವುದರಿಂದ ಈ ಭಯವೇ ಇಲ್ಲ.

ಫಾಸ್ಟೇ ಬೇಕಾದರೆ ಬೊರಿವಲಿಯದ್ದು ವಾಸಿ. ಬಾಂದ್ರಾದ ನಂತರ ಸಾಮಾನ್ಯವಾಗಿ ಅಂಧೇರಿಯೇ ನಿಲ್ದಾಣ. ಹಾಗಾಗಿ ಬಾಂದ್ರಾ ಬಿಟ್ಟ ಕೂಡಲೇ ಬಾಗಿಲ ಕಡೆ ಸರಿಯಿರಿ. ಮುಂದಿನವರನ್ನು "ಅಂಧೇರಿ?" ಅಂತ ಕೇಳಿ. ಇಳಿಯುವವರಾದರೆ ಅವರ ಹಿಂದೆಯೇ ನಿಲ್ಲಿ, ಅಲ್ಲವಾದರೆ ಜಾಗ ಬದಲಿಸಿಕೊಳ್ಳಿ. ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುತ್ತದೆಂದೂ ಆಗಲೇ ವಿಚಾರಿಸಿ. ತಪ್ಪು ಬಾಗಿಲಿಗೆ ಹೋದರೆ ವಾಪಸ್ ಬರಲು ಸಮಯವಿರುವುದಿಲ್ಲ. ಬ್ಯಾಗ್ ಎದೆಗೆ ಹಾಕಿಕೊಳ್ಳಿ.

ಡಬ್ಬಿಯ ವಿಷಯಕ್ಕೆ ಬಂದರೆ, ಮೇಲ್ಸೇತುವೆಯ ಎದುರು ನಿಲ್ಲುವ ಡಬ್ಬಿಯಲ್ಲಿ ಇಳಿದ ಮೇಲೆ ನಡಿಗೆ ಕಡಿಮೆ, ನೂಕಾಟ ಜಾಸ್ತಿ. ತುದಿಯ ಡಬ್ಬಿಯಲ್ಲಿ ಉಸಿರಾಡಲು ಜಾಗ ಸಿಗುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ನಾನು ತುದಿಯದ್ದನ್ನೇ ಹೇಳುತ್ತೇನೆ. ಫಸ್ಟ್ ಕ್ಲಾಸ್ ಈ ಹೊತ್ತಿನಲ್ಲಿ ಖಾಲಿ ಇರುತ್ತದೆಂದು ನಂಬಬೇಡಿ. ಹೆಂಗಸರಿಗೆ ಬೇರೆ ಡಬ್ಬಿಗಳಿವೆ, ಅವೂ ತುಂಬುತ್ತವೆ. ಗಾಡಿ ಪೂರ್ತಿ ನಿಲ್ಲುವ ಮೊದಲು ಮಾತ್ರ ಇಳಿಯಬೇಡಿ.